ಇದು ಗುಂಡು ಅಲ್ಲ, ಗುಂಡುನ ಅಣ್ಣ

ಹನ್ನೆರಡು ಚಿತ್ರಗಳನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿದ್ದೆ. ಎಲ್ಲವೂ ಒಂದೇ ಕರಡಿ ಮರಿಯ ಚಿತ್ರಗಳು. ಅವನ ಹೆಸರು ಗುಂಡು. ಮಕ್ಕಳ ತಿಂಡಿಯ ಒಂದು ಹೊಸ ಬ್ರ್ಯಾಂಡಿಗೆ ನಾನು ಮಾಡುತ್ತಿದ್ದ ಮ್ಯಾಸ್ಕಾಟ್. ಒಂದರಲ್ಲಿ ನಿಂತಿದ್ದಾನೆ, ಒಂದರಲ್ಲಿ ಕೈ ಬೀಸುತ್ತಿದ್ದಾನೆ, ಒಂದರಲ್ಲಿ ಓಡುತ್ತಿದ್ದಾನೆ, ಇನ್ನೊಂದರಲ್ಲಿ ಪೊಟ್ಟಣ ತಬ್ಬಿಕೊಂಡು ಕೂತಿದ್ದಾನೆ. ಚಿತ್ರ ನೋಡಲು ಬಂದವರು ಜೊತೆಗೆ ಐದು ವರ್ಷದ ಮಗಳನ್ನೂ ಕರೆತಂದಿದ್ದರು. ಅವಳು ಎಲ್ಲವನ್ನೂ ಒಂದು ಸುತ್ತು ನೋಡಿದಳು. ಓಡುವ ಕರಡಿಯ ಮೇಲೆ ಬೆರಳಿಟ್ಟು, "ಇದು ಗುಂಡು ಅಲ್ಲ, ಗುಂಡುನ ಅಣ್ಣ" ಅಂದಳು.

ದೊಡ್ಡವರು ಯಾರೂ ಅದನ್ನು ಗಮನಿಸಿರಲಿಲ್ಲ. ನಾನೂ ಗಮನಿಸಿರಲಿಲ್ಲ. ಬಣ್ಣ ಅದೇ, ಸ್ಕಾರ್ಫ್ ಅದೇ, ಕಣ್ಣೂ ಅದೇ. ಅವರು ಹೋದ ಮೇಲೆ ಸ್ಕೇಲ್ ಹಿಡಿದು ಅಳೆದೆ. ನಿಂತ ಗುಂಡುವಿನ ತಲೆ 4 ಸೆಂಟಿಮೀಟರ್, ಇಡೀ ಎತ್ತರ 8. ಅಂದರೆ ಎರಡು ತಲೆಯಷ್ಟು ಎತ್ತರ. ಓಡುವ ಗುಂಡುವಿನ ತಲೆ 3, ಚಾಚಿದ ಕಾಲೂ ಸೇರಿ ಮೈ 9. ಅಂದರೆ ಮೂರು ತಲೆ. ತಲೆಗೆ ಹೋಲಿಸಿದರೆ ಮೈ ಉದ್ದವಾದಷ್ಟೂ ವಯಸ್ಸು ಜಾಸ್ತಿ ಕಾಣುತ್ತದೆ. ಮನುಷ್ಯರಲ್ಲೂ ಹಾಗೇ ಅಲ್ವಾ? ಹುಟ್ಟಿದ ಮಗುವಿನ ತಲೆ ಅದರ ಎತ್ತರದ ಸುಮಾರು ಕಾಲು ಭಾಗ ಇರುತ್ತದೆ. ದೊಡ್ಡವರಲ್ಲಿ ಅದು ಏಳು ಎಂಟರಲ್ಲಿ ಒಂದು ಭಾಗಕ್ಕೆ ಇಳಿದಿರುತ್ತದೆ. ಆ ಹುಡುಗಿ ಹೇಳಿದ್ದು ಅಕ್ಷರಶಃ ಸರಿ. ನಾನು ಗುಂಡುವಿಗೆ ಒಬ್ಬ ಅಣ್ಣನನ್ನು ಮಾಡಿಬಿಟ್ಟಿದ್ದೆ.

ಈ ಚಿತ್ರಗಳೆಲ್ಲ ಎಐ ಚಿತ್ರದ ಟೂಲ್‌ನಲ್ಲಿ ಪ್ರಾಂಪ್ಟ್, ಅಂದರೆ ಎಂಥ ಚಿತ್ರ ಬೇಕು ಅನ್ನುವ ವಿವರಣೆ, ಬರೆದು ತೆಗೆದವು. ಕೈಯಲ್ಲಿ ಬಿಡಿಸುವಾಗ ನನಗೆ ಈ ತಪ್ಪು ಆಗುತ್ತಿರಲಿಲ್ಲ. ಎರಡು ತಲೆ ಎತ್ತರ ಅಂತ ಮೊದಲೇ ಗೆರೆ ಹಾಕಿಕೊಂಡು ಬಿಡಿಸುವುದು ನನಗೆ ರೂಢಿ. ಪ್ರಾಂಪ್ಟ್ ಬರೆಯುವಾಗ ಆ ಗೆರೆ ಹಾಕುವುದನ್ನೇ ಬಿಟ್ಟಿದ್ದೆ. ಅಂದಿನಿಂದ ನಾನು ಪ್ರಾಂಪ್ಟ್ ಬರೆಯುವ ರೀತಿಯೇ ಬದಲಾಯಿತು. ಅದನ್ನೇ ಇಲ್ಲಿ ಹೇಳಬೇಕು ಅಂತಿದ್ದೇನೆ.

ನನ್ನ ಮೊದಲ ಪ್ರಾಂಪ್ಟ್ ಹೀಗಿತ್ತು:

```
cute baby bear mascot, big eyes, scarf, happy,
kids snack brand, cartoon
```

ಇದರಲ್ಲಿ ತಪ್ಪು ಪದ ಯಾವುದೂ ಇಲ್ಲ. ಆದರೆ ಇದು ಹೇಳಿರುವುದಕ್ಕಿಂತ ಹೇಳದೆ ಬಿಟ್ಟಿರುವುದೇ ಜಾಸ್ತಿ. ಮುದ್ದು ಅಂದರೆ ಯಾವ ಬಗೆಯ ಮುದ್ದು? ದೊಡ್ಡ ಕಣ್ಣು ಅಂದರೆ ಎಷ್ಟು ದೊಡ್ಡದು, ಒಳಗೆ ಪಾಪೆ ಬೇರೆ ಇದೆಯೋ ಇಲ್ಲವೋ? ಇಂಥ ಬಹಳಷ್ಟು ಟೂಲ್‌ಗಳು ಪ್ರತಿ ಸಲವೂ ಅಡ್ಡಾದಿಡ್ಡಿ ಚುಕ್ಕಿಗಳ ಗದ್ದಲದಿಂದ ಶುರು ಮಾಡಿ, ಅದನ್ನು ಸ್ವಲ್ಪ ಸ್ವಲ್ಪವೇ ತಿಳಿಗೊಳಿಸುತ್ತಾ ಚಿತ್ರಕ್ಕೆ ಬರುತ್ತವೆ. ನಾವು ಹೇಳದ ವಿಷಯವನ್ನೆಲ್ಲ ಆ ಗದ್ದಲ ತೀರ್ಮಾನಿಸುತ್ತದೆ. ಪ್ರತಿ ಸಲ ಬೇರೆ ಗದ್ದಲ, ಬೇರೆ ತೀರ್ಮಾನ. ಸೀಡ್ ನಂಬರನ್ನು ಒಂದೇ ಇಟ್ಟರೆ ಪಾತ್ರವೂ ಒಂದೇ ಬರುತ್ತದೆ ಅಂತ ಹಲವರು ನಂಬಿದ್ದಾರೆ. ನಾನೂ ನಂಬಿದ್ದೆ. ಸೀಡ್ ಹಿಡಿದಿಡುವುದು ಶುರುವಿನ ಗದ್ದಲವನ್ನು ಮಾತ್ರ. ಗುಂಡು ಯಾರು ಅಂತ ಅದಕ್ಕೆ ಗೊತ್ತಿಲ್ಲ. ನಿಂತಿದ್ದಾನೆ ಅನ್ನುವುದನ್ನು ತೆಗೆದು ಕೂತಿದ್ದಾನೆ ಅಂತ ಬರೆದರೆ ಸಾಕು, ಅದೇ ಗದ್ದಲದಿಂದ ಇನ್ನೊಂದು ಕರಡಿ ಎದ್ದು ಬರಬಹುದು.

ಹಾಗಾದರೆ ಎಲ್ಲವನ್ನೂ ಬರೆದುಬಿಡೋಣ ಅಂತ ಎರಡನೇ ಸಲ ಒಂದು ಪುಟ ಬರೆದೆ. ಕಂದು ಮೈ, ಕಿತ್ತಳೆ ಸ್ಕಾರ್ಫ್, ನೀಲಿ ಬೂಟು, ಹಳದಿ ಗುಂಡಿ, ಕೆಂಪು ಕೆನ್ನೆ, ಮಡಚಿದ ಒಂದು ಕಿವಿ, ಮೂಗಿನ ಮೇಲೆ ಮಚ್ಚೆ. ಟೋಪಿ ಬೇಡ ಅಂತಲೂ ಬರೆದೆ. ಬಂದ ಚಿತ್ರಗಳಲ್ಲಿ ಬೂಟು ಕಿತ್ತಳೆಯಾಗಿತ್ತು, ಸ್ಕಾರ್ಫ್ ನೀಲಿಯಾಗಿತ್ತು, ಎರಡರಲ್ಲಿ ಟೋಪಿಯೂ ಇತ್ತು. ಹತ್ತಿರ ಹತ್ತಿರ ಬರೆದ ಬಣ್ಣಗಳು ಒಂದರಿಂದ ಇನ್ನೊಂದಕ್ಕೆ ಸೋರುತ್ತವೆ. ಬಣ್ಣ ಜಾಸ್ತಿಯಾದಷ್ಟೂ ಸೋರಿಕೆಯೂ ಜಾಸ್ತಿ. ಬೇಡ ಅಂತ ಹೇಳಿದರೂ ಟೋಪಿ ಅನ್ನುವ ಪದ ಪ್ರಾಂಪ್ಟಿನಲ್ಲಿ ಇದೆಯಲ್ಲ, ಅದೇ ಸಾಕು ಟೋಪಿಯನ್ನು ಕರೆತರಲು. ಬೇಡದ್ದನ್ನು ಹೇಳಲು ಟೂಲ್‌ನಲ್ಲಿ ಬೇರೆ ಜಾಗ ಇದ್ದರೆ ಅಲ್ಲಿ ಹೇಳಬೇಕು. ಇಲ್ಲದಿದ್ದರೆ ಆ ಜಾಗದಲ್ಲಿ ಬೇಕಾದದ್ದು ಏನು ಅಂತ ಬರೆಯಬೇಕು. ತಲೆಯ ಮೇಲೆ ಜುಟ್ಟು ಇದೆ ಅಂತ ಬರೆದ ಮೇಲೆ ನನಗೆ ಟೋಪಿಯ ಕಾಟ ತಪ್ಪಿತು.

ಮಡಚಿದ ಕಿವಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದು ನನಗೆ ತುಂಬ ಇಷ್ಟವಾಗಿದ್ದ ಗುರುತು. ಬಲಗಿವಿ ನೆಟ್ಟಗೆ, ಎಡಗಿವಿ ಮಡಚಿದ್ದು. ನೋಡಿದ ಕೂಡಲೇ ಇದು ಗುಂಡು ಅಂತ ಗೊತ್ತಾಗುತ್ತಿತ್ತು. ಆದರೆ ಎಡ ಅಂದರೆ ಯಾರ ಎಡ? ಗುಂಡುವಿನ ಎಡವೋ, ನೋಡುವವರ ಎಡವೋ? ಟೂಲ್‌ಗೆ ಇದು ಸ್ಪಷ್ಟವಿಲ್ಲ. ಹನ್ನೆರಡರಲ್ಲಿ ಐದು ಚಿತ್ರಗಳಲ್ಲಿ ಕಿವಿ ಅದಲು ಬದಲಾಗಿತ್ತು. ಒಂದರಲ್ಲಿ ಎರಡೂ ಕಿವಿ ಮಡಚಿದ್ದವು. ಒಂದೊಂದನ್ನೂ ಕೂತು ತಿದ್ದಿದೆ. ಎಲ್ಲ ಸರಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಕಾರ್ಟನ್‌ನ ಲೇಔಟ್ ಬಂತು. ಪೆಟ್ಟಿಗೆಯ ಎರಡೂ ಬದಿಗಳಲ್ಲಿ ಗುಂಡು ನಡುವಿನ ಹೆಸರಿನ ಕಡೆ ನೋಡಬೇಕು. ಹಾಗಾಗಿ ಲೇಔಟ್ ಮಾಡುವವರು ಒಂದು ಬದಿಯ ಚಿತ್ರವನ್ನು ಕನ್ನಡಿಯ ಬಿಂಬದ ಹಾಗೆ ತಿರುಗಿಸಿದ್ದರು. ಕಿವಿಯೂ ತಿರುಗಿತ್ತು.

ಅವರದು ತಪ್ಪಲ್ಲ. ಪ್ಯಾಕಿಂಗ್ ಅಂದಮೇಲೆ ಚಿತ್ರ ತಿರುಗುತ್ತದೆ, ಕತ್ತರಿಸಿಕೊಳ್ಳುತ್ತದೆ, ಚಿಕ್ಕದಾಗುತ್ತದೆ. ತಿರುಗಿಸಿದ ಕೂಡಲೇ ಕೆಡುವ ಗುರುತನ್ನು ಆರಿಸಿಕೊಂಡ ನನ್ನ ಡಿಸೈನೇ ಅಲ್ಲಿಗೆ ಒಗ್ಗುವಂಥದ್ದಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಮಡಚಿದ ಕಿವಿಯನ್ನು ಬಿಟ್ಟೆ. ಮಚ್ಚೆಯನ್ನೂ ಬಿಟ್ಟೆ. ಎಲ್ಲ ಗುರುತುಗಳನ್ನೂ ಮೈಯ ನಡುಗೆರೆಯ ಮೇಲೆ ತಂದೆ. ನೆತ್ತಿಯ ನಡುವೆ ಎಲೆಯ ಹಾಗೆ ನೆಟ್ಟಗೆ ನಿಂತ ಒಂದು ಜುಟ್ಟು. ಕುತ್ತಿಗೆಯ ಮುಂದೆ ನಡುವಿನಲ್ಲಿ ಸ್ಕಾರ್ಫ್‌ನ ದಪ್ಪ ಗಂಟು. ಹೊಟ್ಟೆಯ ಮೇಲೆ ಕೆನೆಬಣ್ಣದ ಮೊಟ್ಟೆಯಾಕಾರ. ಹೇಗೆ ತಿರುಗಿಸಿದರೂ ಗುಂಡು ಗುಂಡುವಾಗಿಯೇ ಉಳಿಯುತ್ತಾನೆ. ಬೂಟು, ಗುಂಡಿ ಎಲ್ಲ ಹೋದವು. ಉಳಿದ ಬಣ್ಣಗಳು ನಾಲ್ಕೇ: ಕಂದು, ಕೆನೆ, ಕಿತ್ತಳೆ, ಮತ್ತು ಕಣ್ಣಿನ ಕಪ್ಪು. ಔಟ್‌ಲೈನ್ ಕಂದಿನದೇ ಗಾಢ ಛಾಯೆ.

ಆಮೇಲೆ ಪ್ರಾಂಪ್ಟನ್ನು ಎರಡು ತುಂಡು ಮಾಡಿದೆ. ಒಂದು ತುಂಡು ಗುಂಡು ಯಾರು ಅನ್ನುವುದಕ್ಕೆ. ಅದರಲ್ಲಿ ಒಂದು ಪದವನ್ನೂ, ಒಂದು ಅಲ್ಪವಿರಾಮವನ್ನೂ ಮುಟ್ಟುವಂತಿಲ್ಲ:

```
Gundu, a bear cub, two heads tall, pear-shaped body,
short legs, round mitten paws, warm brown fur,
one leaf-shaped tuft standing straight up on top of head,
solid black oval eyes with one white dot,
large cream oval on belly,
short orange scarf with one big knot at centre front,
flat colours, thick dark-brown outline, plain white background
```

ಇದರಲ್ಲಿ ಮುದ್ದು, ಖುಷಿ, ತುಂಟ ಅನ್ನುವ ಪದಗಳು ಇಲ್ಲ. ಕಣ್ಣಿಂದ ನೋಡಿ ಹೌದೋ ಅಲ್ಲವೋ ಅಂತ ಹೇಳಬಹುದಾದ ವಿಷಯಗಳಷ್ಟೇ ಇವೆ. ಜುಟ್ಟು ಒಂದೇ ಇದೆಯಾ? ಹೌದು ಅಥವಾ ಅಲ್ಲ. ಕಣ್ಣು ಮೊಟ್ಟೆಯಾಕಾರವಾ? ಹೌದು ಅಥವಾ ಅಲ್ಲ. ಬೆರಳುಗಳನ್ನು ಬಿಟ್ಟು ಕೈಗವಸಿನಂಥ ಪಂಜ ಇಟ್ಟದ್ದಕ್ಕೂ ಕಾರಣವಿದೆ. ಎಣಿಸಬೇಕಾದ ಯಾವುದನ್ನೂ ಟೂಲ್ ಪ್ರತಿ ಸಲ ಸರಿಯಾಗಿ ಎಣಿಸುವುದಿಲ್ಲ. ಒಂದು ಅನ್ನುವುದು ನಿಲ್ಲುತ್ತದೆ, ಐದು ನಿಲ್ಲುವುದಿಲ್ಲ. ಉದ್ದದ ಬಗ್ಗೆಯೂ ಒಂದು ಮಾತು. ಸ್ಟೇಬಲ್ ಡಿಫ್ಯೂಷನ್ ಅನ್ನುವ ಚಿತ್ರದ ಟೂಲ್‌ನ ಹಳೆಯ ಮಾದರಿಗಳಲ್ಲಿ ಪ್ರಾಂಪ್ಟ್ ಓದುವ ಭಾಗಕ್ಕೆ ಒಂದು ಸಲಕ್ಕೆ 77 ಟೋಕನ್‌ಗಳಷ್ಟೇ, ಅಂದರೆ ಪದ ಅಥವಾ ಪದದ ತುಂಡುಗಳಷ್ಟೇ, ಹಿಡಿಯುತ್ತಿದ್ದವು. ಹೊಸ ಮಾದರಿಗಳು ಇನ್ನೂ ಉದ್ದದ್ದನ್ನು ಓದುತ್ತವೆ. ಆದರೂ ಮುಖ್ಯವಾದ ಗುರುತುಗಳನ್ನು ಮೊದಲೇ ಹೇಳುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ.

ಇನ್ನೊಂದು ತುಂಡು ಭಂಗಿಗೆ. ಅದು ಪ್ರತಿ ಚಿತ್ರಕ್ಕೂ ಬದಲಾಗುತ್ತದೆ. ಗುಂಡುವಿನ ಅಣ್ಣ ಹುಟ್ಟಿದ್ದು ಇಲ್ಲೇ. ಓಡುತ್ತಿದ್ದಾನೆ ಅಂತ ನಾನು ಬರೆದಾಗ, ಆ ಪದದ ಜೊತೆ ಟೂಲ್ ಕಲಿತಿದ್ದ ಓಟಗಾರರೆಲ್ಲ ಬಂದರು. ಉದ್ದ ಕಾಲು, ಸಣ್ಣ ತಲೆ, ಕಾಲ ಕೆಳಗೆ ಧೂಳು. ತಿನ್ನುತ್ತಿದ್ದಾನೆ ಅಂತ ಬರೆದರೆ ಹಲ್ಲು ಬರುತ್ತಿತ್ತು, ಮೂತಿ ಮುಂದಕ್ಕೆ ಚಾಚುತ್ತಿತ್ತು. ಹಾಗಾಗಿ ಕೆಲಸದ ಹೆಸರು ಹೇಳುವುದನ್ನು ಬಿಟ್ಟು, ಕೈಕಾಲು ಎಲ್ಲಿದೆ ಅಂತ ಹೇಳತೊಡಗಿದೆ:

```
side view, full body, leaning forward,
one foot ahead, other foot lifted behind,
short legs, both knees bent, elbows bent, closed-mouth smile
```

ಗುಂಡು ಓಡತೊಡಗಿದ. ಕಾಲು ಗಿಡ್ಡವಾಗಿಯೇ ಉಳಿಯಿತು. ತಲೆ ಅಳೆದೆ, ಮೈಯ ಅರ್ಧ.

ಕೆಲವು ಭಂಗಿಗಳನ್ನು ಮಾತಿನಲ್ಲಿ ಹೇಳಲು ಆಗುವುದೇ ಇಲ್ಲ. ಮೊಣಕಾಲು ಮಡಚಿ ಪೊಟ್ಟಣದ ಮೇಲೆ ಗಲ್ಲ ಊರಿ ಕೂತದ್ದನ್ನು ಎಷ್ಟು ಬರೆದರೂ ಸರಿಯಾಗಲಿಲ್ಲ. ಅಂಥ ಕಡೆ ಭಂಗಿಯನ್ನು ಚಿತ್ರವಾಗಿಯೇ ಕೊಡಬಹುದು. ಕಂಟ್ರೋಲ್‌ನೆಟ್ ಅನ್ನುವ ವಿಧಾನದಲ್ಲಿ ಗೆರೆಯ ಚಿತ್ರವನ್ನೋ ಕಡ್ಡಿ ಮನುಷ್ಯನನ್ನೋ ಕೊಟ್ಟರೆ ಟೂಲ್ ಅದನ್ನು ಹಿಂಬಾಲಿಸುತ್ತದೆ. ಇಲ್ಲೂ ನಾನು ಮೊದಲು ಎಡವಿದ್ದು ಅದೇ ಕಲ್ಲಿಗೆ. ಕಡ್ಡಿ ಮನುಷ್ಯನ ಕೀಲುಗಳು ಮನುಷ್ಯರ ಅಳತೆಯವು. ಎರಡು ತಲೆ ಎತ್ತರದ ಕರಡಿಯನ್ನು ಅದರ ಮೇಲೆ ಕೂರಿಸಿದರೆ ಕೈಕಾಲು ಎಳೆದಂತೆ ಉದ್ದವಾಗುತ್ತವೆ. ಮತ್ತೆ ಅಣ್ಣ! ಅದರ ಬದಲು ಗುಂಡುವಿನದೇ ಅಳತೆಯಲ್ಲಿ ಪೆನ್ಸಿಲ್‌ನಿಂದ ಒರಟಾಗಿ ಗೀಚಿ ಕೊಟ್ಟೆ. ದೊಡ್ಡ ತಲೆ, ಪೇರಳೆ ಹಣ್ಣಿನಂಥ ಮೈ, ತುಂಡು ಕಾಲು. ಎರಡು ನಿಮಿಷದ ಗೀಚು ಅದು. ಅರ್ಧ ದಿನದ ಪ್ರಾಂಪ್ಟ್ ಮಾಡದ ಕೆಲಸವನ್ನು ಮಾಡಿತು.

ಪ್ರಾಂಪ್ಟ್ ಎಷ್ಟು ಬಿಗಿಯಾಗಿದ್ದರೂ ಪದಗಳಿಂದಲೇ ಒಂದು ಮುಖ ಪೂರ್ತಿ ನಿಲ್ಲುವುದಿಲ್ಲ. ಮೂಗಿಗೂ ಕಣ್ಣಿಗೂ ಇರುವ ದೂರವನ್ನು ಯಾವ ಪದ ಹೇಳುತ್ತದೆ? ಅದಕ್ಕೆ ಒಂದು ಮೂಲ ಚಿತ್ರ ಬೇಕು. ಬಂದ ಚಿತ್ರಗಳಲ್ಲಿ ತುಂಬ ಹತ್ತಿರವಾದ ಒಂದನ್ನು ಆರಿಸಿಕೊಂಡು, ಅದನ್ನು ನನ್ನ ಕೈಯಿಂದಲೇ ಪೂರ್ತಿ ತಿದ್ದಿ ಬಿಡಿಸಿದೆ. ಮುಂದಿನಿಂದ, ಮುಕ್ಕಾಲು ತಿರುಗಿ, ಬದಿಯಿಂದ, ಹಿಂದಿನಿಂದ, ಹೀಗೆ ನಾಲ್ಕು ನೋಟಗಳ ಒಂದು ಹಾಳೆ. ಆಮೇಲಿನ ಎಲ್ಲ ಭಂಗಿಗಳಿಗೂ ಈ ಹಾಳೆಯಿಂದಲೇ ರೆಫರೆನ್ಸ್. ಮಿಡ್‌ಜರ್ನಿ ಅನ್ನುವ ಟೂಲ್‌ನ 7ನೇ ಆವೃತ್ತಿಯಲ್ಲಿ ಇದನ್ನು `--oref` ಅಂತ ಕೊಡುತ್ತಾರೆ. ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದಕ್ಕೆ `--ow` ಇದೆ. ಅದನ್ನು ಹೇಳದೆ ಬಿಟ್ಟರೆ 100 ಅಂತ ಲೆಕ್ಕ. ಇದನ್ನು ಜೋರಾಗಿ ಏರಿಸಿದರೆ ಮುಖ ಚೆನ್ನಾಗಿ ನಿಲ್ಲುತ್ತದೆ, ಆದರೆ ಮೂಲ ಚಿತ್ರದ ಭಂಗಿಯೂ ಅಂಟಿಕೊಂಡು ಬರುತ್ತದೆ. ಗುಂಡು ಜಿಗಿಯುವ ಬದಲು ನಿಂತಲ್ಲೇ ನಿಲ್ಲುತ್ತಾನೆ. ತೀರ ಇಳಿಸಿದರೆ ಜಿಗಿಯುತ್ತಾನೆ, ಆದರೆ ಬೇರೆ ಯಾರೋ ಆಗಿರುತ್ತಾನೆ. ಪ್ರತಿ ಭಂಗಿಗೂ ಸ್ವಲ್ಪ ಏರಿಸಿ ಇಳಿಸಿ ನೋಡಲೇಬೇಕು.

ಇಲ್ಲಿ ಒಂದು ವಿಷಯದಲ್ಲಿ ನಾನು ಈಗ ತುಂಬ ಕಟ್ಟುನಿಟ್ಟು. ಹೊಸದಾಗಿ ಬಂದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ಮುಂದಿನ ಚಿತ್ರಕ್ಕೆ ರೆಫರೆನ್ಸ್ ಆಗಿ ಕೊಡುವುದಿಲ್ಲ. ಒಬ್ಬರ ಬಾಯಿಂದ ಒಬ್ಬರ ಕಿವಿಗೆ ಹೋದ ಮಾತಿನ ಹಾಗೆ ಆಗುತ್ತದೆ. ಒಂದೊಂದು ಹೆಜ್ಜೆಯಲ್ಲೂ ಬದಲಾವಣೆ ಕೂದಲೆಳೆಯಷ್ಟು. ಆರನೇ ಚಿತ್ರವನ್ನು ಮೊದಲನೆಯದರ ಪಕ್ಕ ಇಟ್ಟಾಗಲೇ ಗೊತ್ತಾಗುವುದು, ಜುಟ್ಟು ವಾಲಿದೆ, ಹೊಟ್ಟೆ ಕರಗಿದೆ ಅಂತ. ಯಾವಾಗಲೂ ಮೂಲ ಹಾಳೆಗೇ ವಾಪಸ್ ಹೋಗಬೇಕು.

ಪರೀಕ್ಷೆ ಮಾಡುವ ಕ್ರಮವೂ ಆ ಹುಡುಗಿ ಕಲಿಸಿದ್ದೇ. ಎಲ್ಲ ಭಂಗಿಗಳನ್ನೂ ಒಂದೇ ಹಾಳೆಗೆ ತರುತ್ತೇನೆ, ತಲೆಯ ಎತ್ತರ ಎಲ್ಲದರಲ್ಲೂ ಒಂದೇ ಇರುವ ಹಾಗೆ. ಆಗ ಮೈ ಉದ್ದವಾದದ್ದು ತಾನಾಗಿಯೇ ಎದ್ದು ಕಾಣುತ್ತದೆ. ಆಮೇಲೆ ಎಲ್ಲವನ್ನೂ ಪೂರ್ತಿ ಕಪ್ಪು ಮಾಡುತ್ತೇನೆ, ನೆರಳಿನ ಹಾಗೆ. ಕಣ್ಣು, ಸ್ಕಾರ್ಫ್, ಬಣ್ಣ ಯಾವುದೂ ಇಲ್ಲದೆ ಅದು ಗುಂಡು ಅಂತ ಗೊತ್ತಾಗುತ್ತದಾ? ಕೊನೆಗೆ 15 ಮಿಲಿಮೀಟರ್ ಎತ್ತರಕ್ಕೆ ಕುಗ್ಗಿಸಿ ಪ್ರಿಂಟ್ ತೆಗೆಯುತ್ತೇನೆ. ಪೌಚ್‌ನ ಹಿಂಬದಿಯಲ್ಲಿ ಅವನು ಹೆಚ್ಚುಕಡಿಮೆ ಅಷ್ಟೇ ಎತ್ತರ ಇರುತ್ತಾನೆ. ಮೊದಲ ಡಿಸೈನಿನಲ್ಲಿ ಹುಬ್ಬಿನ ತೆಳು ಗೆರೆ ಇತ್ತು. 15 ಮಿಲಿಮೀಟರ್‌ನಲ್ಲಿ ಅದು ಮಾಯ. ಹುಬ್ಬಿಲ್ಲದ ಗುಂಡು ಗಾಬರಿಯಾದವನ ಹಾಗೆ ಕಂಡ. ಹುಬ್ಬನ್ನೂ ತೆಗೆದು, ಭಾವವನ್ನೆಲ್ಲ ಬಾಯಿಗೆ ಮತ್ತು ತಲೆಯ ವಾಲಿಕೆಗೆ ಬಿಟ್ಟೆ.

ಬಣ್ಣದ ವಿಷಯದಲ್ಲಿ ಪ್ರಾಂಪ್ಟನ್ನು ನಂಬಬಾರದು. ಬಣ್ಣದ ಕೋಡ್ ಬರೆದರೂ ನನ್ನ ಟೂಲ್ ಅದನ್ನು ಅಳತೆಯಾಗಿ ಓದಲಿಲ್ಲ. ಹನ್ನೆರಡು ಸ್ಕಾರ್ಫ್‌ಗಳಿಂದ ಬಣ್ಣ ತೆಗೆದು ನೋಡಿದರೆ ಹನ್ನೆರಡು ಕಿತ್ತಳೆಗಳು ಸಿಕ್ಕವು. ಫ್ಲಾಟ್ ಬಣ್ಣ ಅಂತ ಬರೆದಿದ್ದರಿಂದ ನೆರಳು ಬೆಳಕಿನ ಗೊಂದಲ ಇರಲಿಲ್ಲ. ಒಂದೊಂದು ಭಾಗವನ್ನೂ ಆರಿಸಿ ಒಂದೇ ಕಿತ್ತಳೆ ತುಂಬುವುದು ಸುಲಭವಾಯಿತು. ಪರದೆಯ ಮೇಲೆ ಹೊಳೆಯುವ ಕಿತ್ತಳೆ ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತದೆ. ಮುದ್ರಣದವರ ಜೊತೆ ಮಾತಾಡಿ ಸ್ಕಾರ್ಫ್‌ಗೆ ಸ್ಪಾಟ್ ಇಂಕ್, ಅಂದರೆ ಮೊದಲೇ ಬೆರೆಸಿದ ಬೇರೆಯೇ ಶಾಯಿ, ಇಟ್ಟೆವು. ಪೌಚ್‌ನದು ಬೆಳ್ಳಿಯ ಹಾಗೆ ಹೊಳೆಯುವ ಫಿಲ್ಮ್ ಆದ್ದರಿಂದ ಗುಂಡುವಿನ ಅಡಿಗೆ ಬಿಳಿ ಪದರವೂ ಬೇಕಾಯಿತು. ಇಲ್ಲದಿದ್ದರೆ ಕೆನೆಬಣ್ಣದ ಹೊಟ್ಟೆ ಲೋಹದ ಬಣ್ಣಕ್ಕೆ ತಿರುಗುತ್ತದೆ.

ಪೌಚ್ ಅನ್ನುವುದು ಹಾಳೆಯಲ್ಲ, ಅದೊಂದು ದಿಂಬು. ತುಂಬಿದ ಮೇಲೆ ನಡು ಉಬ್ಬುತ್ತದೆ, ಅಂಚುಗಳು ಹಿಂದಕ್ಕೆ ಬಾಗುತ್ತವೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡ ಕೈ ಬೀಸುವ ಗುಂಡು, ತುಂಬಿದ ಪೌಚ್‌ನ ಮೇಲೆ ಕೈಯೇ ಇಲ್ಲದವನ ಹಾಗೆ ಕಂಡ. ಕೈ ಬಾಗಿದ ಅಂಚಿಗೆ ಹೋಗಿತ್ತು. ಇನ್ನೊಂದು ಭಂಗಿಯಲ್ಲಿ ಎರಡೂ ಕೈ ಮೇಲೆತ್ತಿದ್ದ. ಪಂಜಗಳು ಮೇಲಿನ ಸೀಲ್‌ನ ನೆರಿಗೆಯಲ್ಲಿ ಸಿಕ್ಕಿಕೊಂಡವು. ಹಾಗಾಗಿ ಈಗ ಭಂಗಿ ಬರೆಯುವ ಮೊದಲು ಜಾಗದ ಆಕಾರ ನೋಡುತ್ತೇನೆ. ಪೌಚ್‌ನ ಮುಂಭಾಗಕ್ಕೆ ಕೈ ಮೈಗೆ ಹತ್ತಿರ ಇರುವ ಭಂಗಿಗಳು. ಅಗಲವಾದ ಕಾರ್ಟನ್‌ಗೆ ಓಡುವುದು, ಜಿಗಿಯುವುದು, ಕೈ ಚಾಚುವುದು. ಹಿಂಬದಿಯ ನಡುವೆ ಸೀಲ್ ಇಳಿಯುವ ಕಡೆ ಮುಖ ಬರಲೇಬಾರದು. ಅವನು ಹಿಡಿಯುವ ಪೊಟ್ಟಣವನ್ನು ಪ್ರಾಂಪ್ಟಿನಲ್ಲಿ ಖಾಲಿ ಬಿಳಿ ಚೀಲ ಅಂತಲೇ ಬರೆಯುತ್ತೇನೆ. ಹೆಸರನ್ನು ಟೂಲ್‌ನಿಂದ ಬರೆಸಿದರೆ ಅಕ್ಷರ ಕೆಡಬಹುದು. ನಿಜವಾದ ಪ್ಯಾಕ್ ಚಿತ್ರವನ್ನು ಆಮೇಲೆ ಅಲ್ಲಿ ಕೂರಿಸಿದರೆ ಆಯಿತು.

ಇಷ್ಟೆಲ್ಲ ಆದ ಮೇಲೂ ಟೂಲ್ ಕೊಟ್ಟ ಚಿತ್ರ ನೇರವಾಗಿ ಮುದ್ರಣಕ್ಕೆ ಹೋಗುವುದಿಲ್ಲ. 1024 ಪಿಕ್ಸೆಲ್ ಅಗಲದ ಚಿತ್ರವನ್ನು ಇಂಚಿಗೆ 300 ಚುಕ್ಕಿಯಲ್ಲಿ ಮುದ್ರಿಸಿದರೆ ಬರುವುದು ಹೆಚ್ಚುಕಡಿಮೆ 8.7 ಸೆಂಟಿಮೀಟರ್. ಸಣ್ಣ ಪೌಚ್‌ಗೆ ಸಾಕು, ಕಾರ್ಟನ್‌ಗೆ ಸಾಲದು. ಹನ್ನೆರಡೂ ಭಂಗಿಗಳನ್ನು, ಎಷ್ಟು ಹಿಗ್ಗಿಸಿದರೂ ಮಸುಕಾಗದ ವೆಕ್ಟರ್ ಗೆರೆಗಳಲ್ಲಿ ಕೈಯಿಂದ ಮತ್ತೆ ಬಿಡಿಸಿದೆ. ಗೆರೆಯ ದಪ್ಪ ಒಂದೇ ಆಗಿದ್ದು, ಜುಟ್ಟು ಒಂದೇ ಆಗಿದ್ದು ನಿಜವಾಗಿ ಆಗಲೇ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದ ಕಾಪಿರೈಟ್ ಆಫೀಸ್ 2025ರ ಜನವರಿಯ ವರದಿಯಲ್ಲಿ, ಈಗಿರುವ ಟೂಲ್‌ಗಳಲ್ಲಿ ಬರೀ ಪ್ರಾಂಪ್ಟ್ ಬರೆದದ್ದಕ್ಕೆ ಹಕ್ಕು ಸಿಗುವುದಿಲ್ಲ, ಮನುಷ್ಯರ ಕೈ ಅದರಲ್ಲಿ ಸಾಕಷ್ಟು ಇರಬೇಕು ಅಂತ ಹೇಳಿದೆ. ಬೇರೆ ದೇಶಗಳ ಕಾನೂನು ಬೇರೆ ಇರಬಹುದು. ಒಂದು ಬ್ರ್ಯಾಂಡಿನ ಮುಖವಾಗಿ ವರ್ಷಗಟ್ಟಲೆ ನಿಲ್ಲಬೇಕಾದ ಪಾತ್ರಕ್ಕೆ ನನ್ನ ಕೈಯ ಗೆರೆ ಇರಲಿ ಅಂತಲೇ ನನಗೂ ಅನಿಸುತ್ತದೆ.

ಕೊನೆಯವರೆಗೂ ಕಾಡಿದ್ದು ಹಿಂದಿನ ನೋಟ. ಪೌಚ್‌ನ ಹಿಂಬದಿಯಲ್ಲಿ ಮಕ್ಕಳಿಗೆ ಒಂದು ಆಟ ಇತ್ತು. ದಾರಿ ಹುಡುಕುವ ಆಟ. ಗುಂಡು ನಮಗೆ ಬೆನ್ನು ಮಾಡಿ ದಾರಿ ನೋಡುತ್ತಾ ನಿಂತಿರಬೇಕು. ಕಣ್ಣಿಲ್ಲ, ಹೊಟ್ಟೆಯ ಕೆನೆಬಣ್ಣ ಇಲ್ಲ, ಗಂಟೂ ಇಲ್ಲ. ನಿಜ ಹೇಳಬೇಕೆಂದರೆ ಟೂಲ್ ಗಂಟನ್ನು ಬೆನ್ನಿಗೆ ತಂದು ಕಟ್ಟುತ್ತಲೇ ಇತ್ತು. ಬದಲಾಗದ ತುಂಡಿನಲ್ಲಿ ಗಂಟು ಅನ್ನುವ ಪದ ಇದೆ, ಎಲ್ಲಾದರೂ ಅದನ್ನು ತೋರಿಸಲೇಬೇಕು ಅಂತ ಅದರ ಹಟ. ಮುಟ್ಟಬಾರದು ಅಂದಿದ್ದ ಆ ತುಂಡನ್ನು ಈ ಒಂದು ನೋಟಕ್ಕಾಗಿ ಬೇರೆ ಬರೆದೆ. ಕಣ್ಣು, ಹೊಟ್ಟೆ, ಗಂಟು ಮೂರನ್ನೂ ತೆಗೆದು, ಕುತ್ತಿಗೆಯ ಸುತ್ತ ಕಿತ್ತಳೆ ಪಟ್ಟಿ ಅಂತ ಮಾತ್ರ ಇಟ್ಟೆ. ಮೂಲ ಹಾಳೆಯಿಂದ ಬೆನ್ನಿನ ನೋಟವನ್ನಷ್ಟೇ ಕತ್ತರಿಸಿ ರೆಫರೆನ್ಸ್ ಕೊಟ್ಟೆ. ಒಂಬತ್ತನೇ ಸಲಕ್ಕೆ ಸರಿಯಾಗಿ ಬಂತು. ದೊಡ್ಡ ದುಂಡನೆಯ ತಲೆ, ಪೇರಳೆ ಮೈ, ಕಿತ್ತಳೆಯ ಒಂದು ಪಟ್ಟಿ, ನೆತ್ತಿಯ ಮೇಲೆ ನೆಟ್ಟಗೆ ನಿಂತ ಜುಟ್ಟು.

ಪ್ರೂಫ್ ನೋಡಲು ಆ ಹುಡುಗಿ ಮತ್ತೆ ಬಂದಿದ್ದಳು. ಪೌಚನ್ನು ತಿರುಗಿಸಿದಳು. ಏನೂ ಹೇಳದೆ, ಗುಂಡುವಿನ ಬೆನ್ನಿಂದ ಶುರು ಮಾಡಿ ಬೆರಳಲ್ಲಿ ದಾರಿ ಹುಡುಕತೊಡಗಿದಳು.